ಒಂದೇ ಹದೀಸ್, ನಾಲ್ಕು ದಾರಿ

ಇಬ್ಬರು ಒಂಟೆಯೊಂದರ ವ್ಯಾಪಾರಕ್ಕೆ ಕೂತಿದ್ದಾರೆ ಎಂದುಕೊಳ್ಳೋಣ. ಒಬ್ಬ ಬೆಲೆ ಹೇಳಿದ, ಇನ್ನೊಬ್ಬ ಒಪ್ಪಿದ. ಇಬ್ಬರೂ ಇನ್ನೂ ಅಲ್ಲೇ ಇದ್ದಾರೆ. ಅಷ್ಟರಲ್ಲಿ ಕೊಂಡವನ ಮನಸ್ಸು ಬದಲಾಯಿತು. ಅವನು ವ್ಯಾಪಾರ ಮುರಿಯಬಹುದೇ?

ಶಾಫಿ ಮತ್ತು ಹಂಬಲಿ ಪಂಥಗಳು ಮುರಿಯಬಹುದು ಎನ್ನುತ್ತವೆ. ಹನಫಿ ಮತ್ತು ಮಾಲಿಕಿ ಪಂಥಗಳು ಆಗದು ಎನ್ನುತ್ತವೆ. ತೀರ್ಪನ್ನಷ್ಟೇ ನೋಡಿದರೆ ಸುನ್ನಿ ಇಸ್ಲಾಮಿನ ನಾಲ್ಕು ಪಂಥಗಳು ಇಲ್ಲಿ ಎರಡೇ ಬಣ. ಆ ತೀರ್ಪಿಗೆ ಬಂದ ಬಗೆಯನ್ನು ಕೇಳಿದರೆ ನಾಲ್ಕು ದಾರಿಗಳು ಕಾಣುತ್ತವೆ.

ಮಾರುವವನಿಗೂ ಕೊಳ್ಳುವವನಿಗೂ ಅವರು ಬೇರ್ಪಡುವ ತನಕ ಆಯ್ಕೆ ಇರುತ್ತದೆ ಎಂಬುದು ಪ್ರವಾದಿಯವರ ಹದೀಸ್. ಅದು ನಾಲ್ವರಿಗೂ ಗೊತ್ತು. ಮದೀನಾದ ಇಮಾಮ್ ಮಾಲಿಕ್ (ನಿಧನ 795) ತಮ್ಮ ‘ಮುವತ್ತಾ’ ಗ್ರಂಥದಲ್ಲಿ ಅದನ್ನು ಸ್ವತಃ ದಾಖಲಿಸಿದ್ದಾರೆ. ಆದರೂ ಅದರಂತೆ ತೀರ್ಪು ಕೊಡಲಿಲ್ಲ. ಇಬ್ಬರೂ ಕೂತಿರುವ ಹೊತ್ತಿಗೆ ಇಂತಿಷ್ಟೇ ಎಂಬ ಮಿತಿಯಿಲ್ಲ, ಮದೀನಾದಲ್ಲಿ ಅಂಥ ರೂಢಿಯೂ ಇಲ್ಲ ಎಂಬುದು ಅವರ ಕಾರಣ. ಪ್ರವಾದಿಯವರು ಬದುಕಿದ ಊರಿನ ಜನ ತಲೆಮಾರುಗಳಿಂದ ನಡೆಸಿಕೊಂಡು ಬಂದದ್ದು ಅವರಿಗೆ ಒಬ್ಬಿಬ್ಬರ ವರದಿಗಿಂತ ಗಟ್ಟಿ ಸಾಕ್ಷಿ.

ಕೂಫಾದ ಅಬೂ ಹನೀಫಾ (ನಿಧನ 767) ಅವರ ಪಂಥದವರು ಅದೇ ತೀರ್ಪಿಗೆ ಬೇರೆ ಕಡೆಯಿಂದ ಬರುತ್ತಾರೆ. ಕರಾರುಗಳನ್ನು ಪೂರೈಸಿ ಎಂದು ಕುರ್‌ಆನ್ ಆದೇಶಿಸುತ್ತದೆ. ಒಬ್ಬ ಹೇಳಿ ಇನ್ನೊಬ್ಬ ಒಪ್ಪಿದ ಕ್ಷಣಕ್ಕೆ ಕರಾರು ಮುಗಿಯಿತು. ಆ ಸಾಮಾನ್ಯ ನಿಯಮವನ್ನು ಬಿಡಿ ವರದಿಯೊಂದು ಮೊಟಕುಗೊಳಿಸಲಾಗದು. ಹಾಗೆಂದು ಅವರು ಹದೀಸನ್ನು ತಳ್ಳಿಹಾಕುವುದಿಲ್ಲ. ‘ಬೇರ್ಪಡುವುದು’ ಎಂದರೆ ಮಾತು ಮುಗಿಯುವುದು ಎಂದು ಓದುತ್ತಾರೆ. ಅಂದರೆ ಇನ್ನೊಬ್ಬ ಒಪ್ಪುವ ತನಕ ಮೊದಲು ಬೆಲೆ ಹೇಳಿದವನು ಹಿಂದೆ ಸರಿಯಬಹುದು.

ಮಾಲಿಕ್ ಅವರ ಬಳಿಯೇ ಕಲಿತ ಶಾಫಿ (ನಿಧನ 820) ಗುರುವಿನ ಈ ಕ್ರಮವನ್ನು ಒಪ್ಪಲಿಲ್ಲ. ವಿಶ್ವಾಸಾರ್ಹ ಸರಪಣಿಯಲ್ಲಿ ಬಂದ ಹದೀಸ್ ಇದ್ದರೆ ಊರಿನ ರೂಢಿ ಅದನ್ನು ಮೀರುವಂತಿಲ್ಲ. ಸ್ಪಷ್ಟ ಆಧಾರ ಇಲ್ಲದಿದ್ದರೆ ಮಾತ್ರ ಕಿಯಾಸ್, ಅಂದರೆ ಇದ್ದ ತೀರ್ಪಿನ ಕಾರಣವನ್ನು ಹೊಸ ಪ್ರಸಂಗಕ್ಕೆ ಅನ್ವಯಿಸುವ ಕ್ರಮ. ಈ ಹದೀಸನ್ನು ಹೇಳಿದ ಇಬ್ನ್ ಉಮರ್ ಅವರೇ ಮೆಚ್ಚಿದ ವಸ್ತು ಕೊಂಡಾಗ ಎದ್ದು ನಾಲ್ಕು ಹೆಜ್ಜೆ ನಡೆಯುತ್ತಿದ್ದರಂತೆ, ವ್ಯಾಪಾರ ಗಟ್ಟಿಯಾಗಲೆಂದು. ಹಾಗಾಗಿ ಬೇರ್ಪಡುವುದೆಂದರೆ ದೇಹದಿಂದ ಬೇರ್ಪಡುವುದೇ ಎಂಬುದು ಶಾಫಿಗಳ ವಾದ.

ಬಗ್ದಾದಿನ ಅಹ್ಮದ್ ಬಿನ್ ಹಂಬಲ್ (ನಿಧನ 855) ಅವರ ತೀರ್ಪೂ ಇದೇ. ಹಾಗಾದರೆ ಶಾಫಿ ಅವರಿಗೂ ಇವರಿಗೂ ಏನು ವ್ಯತ್ಯಾಸ? ಗಟ್ಟಿ ಹದೀಸ್ ಸಿಗದ ಪ್ರಸಂಗ ಬಂದಾಗ ಅದು ತಿಳಿಯುತ್ತದೆ. ಆಗ ಶಾಫಿ ಕಿಯಾಸಿಗೆ ವಿಸ್ತಾರವಾದ ಜಾಗ ಕೊಡುತ್ತಾರೆ. ಅಹ್ಮದ್ ಮೊದಲು ಪ್ರವಾದಿಯವರ ಸಂಗಾತಿಗಳ ಅಭಿಪ್ರಾಯ ಹುಡುಕುತ್ತಾರೆ, ಸರಪಣಿ ಕೊಂಚ ಸಡಿಲವಾದ ಹದೀಸನ್ನೂ ಪರಿಗಣಿಸುತ್ತಾರೆ. ಬೇರೆ ದಾರಿಯೇ ಇಲ್ಲದಾಗ ಕೊನೆಗೆ ಕಿಯಾಸಿಗೆ ಕೈಹಾಕುತ್ತಾರೆ.