ಮಲಯಾಳದ ಕಾಗದ, ಕನ್ನಡದ ಮನೆ

1956ರಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. 1969ರ ಕೇರಳ ರಾಜಭಾಷಾ ಕಾಯಿದೆಯು ಇಲ್ಲಿಯ ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಬಹುದೆಂದು ಹೇಳಿದ್ದರೂ, ಮನೆಗೆ ಬರುವ ಕಾಗದಗಳು ಬಹುಮಟ್ಟಿಗೆ ಮಲಯಾಳದವೇ. ಅವನ್ನು ಓದಲಾರದವರು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ನಮ್ಮ ವಾಚನಾಲಯದ ಸಹಾಯಮೇಜಿಗೆ ಬರುತ್ತಾರೆ. ಅಲ್ಲಿ ಕುಳಿತು ಅನುವಾದಿಸುವವಳು ನಮ್ಮ ಹಳೆಯ ವಿದ್ಯಾರ್ಥಿನಿ. ಅವಳ ಕೆಲಸದ ಕ್ರಮವು ಒಂದು ಪ್ರಸಂಗದಿಂದ ಚೆನ್ನಾಗಿ ತಿಳಿಯುವುದು.

ತಂದೆಯನ್ನು ಕಳೆದುಕೊಂಡ ಮಹಿಳೆಯೊಬ್ಬರು ಗ್ರಾಮ ಕಚೇರಿಯ ನೋಟೀಸಿನ ಚಿತ್ರವನ್ನು ತಂದರು. ಕಾಗದದ ಒಂದು ಮೂಲೆ ಚಿತ್ರದಲ್ಲಿ ಬಂದಿರಲಿಲ್ಲ. ಮೊಹರಿನ ಮೇಲೆ ಬೆಳಕು ಹೊಳೆದು ದಿನಾಂಕದ ಅಂಕಿ 3 ಆಗಿರಬಹುದು, 8 ಆಗಿರಬಹುದು ಎಂಬಂತಿತ್ತು. ಊಹಿಸಿ ಬರೆಯುವುದು ಆ ಮೇಜಿನಲ್ಲಿ ನಿಷಿದ್ಧ. ಕಾಗದವನ್ನು ಹಗಲು ಬೆಳಕಿನಲ್ಲಿ ಚಪ್ಪಟೆಯಾಗಿರಿಸಿ, ನಾಲ್ಕೂ ಮೂಲೆ ಕಾಣುವಂತೆ, ಹಿಂಬದಿ ಮತ್ತು ಲಕೋಟೆ ಸಹಿತ ಮತ್ತೊಮ್ಮೆ ಚಿತ್ರ ತೆಗೆದು ತರಬೇಕೆಂದು ಅವಳು ತಿಳಿಸಿದಳು.

ಆ ನೋಟೀಸು ‘ಪೋಕ್ಕುವರವ್’ ಕುರಿತದ್ದು. ಶಬ್ದಶಃ ನೋಡಿದರೆ ಹೋಗುವುದು ಬರುವುದು. ಕಂದಾಯದ ಕಾಗದದಲ್ಲಿ ಅದರ ಅರ್ಥ ಭೂಮಿಯ ಹೆಸರು ಬದಲಾವಣೆ. ಇದನ್ನು ಅವಳು ಬಲ್ಲಳು. ಆದರೆ ‘ಅವಕಾಶಿಗಳ್’ ಎಂಬಲ್ಲಿ ಎಡವಿ, ‘ಅವಕಾಶವುಳ್ಳವರು’ ಎಂದು ಬರೆದಳು. ಬಿಡುವಿದ್ದವರು ಹೋದರೆ ಸಾಕು ಎಂಬ ಅರ್ಥ ಬಂದುಬಿಟ್ಟಿತು! ಮಲಯಾಳದಲ್ಲಿ ‘ಅವಕಾಶ’ವೆಂದರೆ ಹಕ್ಕು, ಅವಕಾಶಿ ಎಂದರೆ ಹಕ್ಕುದಾರ, ಇಲ್ಲಿ ವಾರಸುದಾರ. ಅಪರಿಚಿತ ಪದಕ್ಕಿಂತ ಪರಿಚಿತವೆಂದು ತೋರುವ ಪದವೇ ಹೆಚ್ಚು ಮೋಸ ಮಾಡುವುದು. ಪ್ರತಿಯೊಂದು ಅನುವಾದವನ್ನೂ ಇನ್ನೊಬ್ಬರು ಮೂಲದೊಡನೆ ಸಾಲು ಸಾಲಾಗಿ ಹೋಲಿಸಿ, ಹೆಸರು, ಸರ್ವೆ ನಂಬರು, ದಿನಾಂಕಗಳನ್ನು ಬೇರೆಯಾಗಿ ನೋಡುವ ಪದ್ಧತಿಯಿರುವುದರಿಂದ ತಪ್ಪು ಸಿಕ್ಕಿತು.

ಹಿಂಬದಿಯಲ್ಲಿ ವಾರಸುದಾರರ ಪಟ್ಟಿಯಿತ್ತು. ಅದರಲ್ಲಿ ಮೂವರು ಅಣ್ಣಂದಿರ ಹೆಸರುಗಳಿದ್ದವು, ಆಕೆಯ ಹೆಸರಿರಲಿಲ್ಲ. ಆಕ್ಷೇಪವಿದ್ದವರು ನೋಟೀಸು ಕೈಸೇರಿದ 15 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕೆಂದಿತ್ತು. ಕೈಸೇರಿ ಆಗಲೇ 9 ದಿನಗಳಾಗಿದ್ದವು.

“ನಾನೀಗ ಏನು ಬರೆಯಲಿ ಮಗಾ?” ಎಂದು ಆಕೆ ಕೇಳಿದರು.

“ಕಾಗದದಲ್ಲಿ ಏನಿದೆಯೆಂದು ನಾನು ಹೇಳಬಲ್ಲೆ ಅಕ್ಕಾ, ಕಾನೂನಿನ ಸಲಹೆ ಕೊಡಲಾರೆ. ಇದನ್ನು ವಕೀಲರೇ ನೋಡಬೇಕು.”

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಅವಳು ತಾಲೂಕು ಕಾನೂನು ಸೇವಾ ಸಮಿತಿಯ ವಿಳಾಸವನ್ನೂ 15100 ಎಂಬ ಸಹಾಯವಾಣಿಯ ಸಂಖ್ಯೆಯನ್ನೂ ಬರೆದುಕೊಟ್ಟು, ಮೂಲ ನೋಟೀಸನ್ನೇ ಒಯ್ಯಬೇಕೆಂದಳು. ಬಳಿಕ ವಿಷಯವನ್ನು ಆಕೆಯ ಬಾಯಿಂದಲೇ ಹೇಳಿಸಿ, ಕೊನೆಯ ದಿನವು ಆಕೆಗೆ ಸರಿಯಾಗಿ ತಿಳಿದಿದೆಯೆಂದು ಖಚಿತಪಡಿಸಿಕೊಂಡಳು.

ಇದೆಲ್ಲವೂ ಮೆಲುದನಿಯಲ್ಲಿ, ಇತರರನ್ನು ದೂರ ಕುಳ್ಳಿರಿಸಿ ನಡೆಯಿತು. ಅಣ್ಣಂದಿರ ನೆರೆಯವರೂ ಅದೇ ವಾಚನಾಲಯಕ್ಕೆ ಬರುವವರಲ್ಲವೆ? ದಾಖಲೆ ಪುಸ್ತಕದಲ್ಲಿ ಕ್ರಮಸಂಖ್ಯೆ, ದಿನಾಂಕ, ಎಲ್ಲಿಗೆ ಕಳುಹಿಸಲಾಯಿತು ಎಂಬಿಷ್ಟೇ ಉಳಿಯಿತು. ಮೊಬೈಲಿನಲ್ಲಿ ಅಳಿಸಿದ ಚಿತ್ರವು ಕಸದ ಕಡತದಲ್ಲಿ ಕೆಲವು ದಿನ ಉಳಿಯುವುದುಂಟು. ಆದುದರಿಂದ ಆಕೆಯ ಕಣ್ಣೆದುರಿನಲ್ಲಿಯೇ ಮೇಜಿನ ಮೊಬೈಲಿನ ಎರಡೂ ಕಡೆಗಳಿಂದ ಚಿತ್ರಗಳನ್ನು ಅಳಿಸಿದಳು. ಆಕೆ ಮರುದಿನ ಬೆಳಗ್ಗಿನ ಬಸ್ಸಿಗೇ ತಾಲೂಕು ಕೇಂದ್ರಕ್ಕೆ ಹೊರಟರು.