ಸ್ಟ್ಯಾಟಿನ್ ನೋವಿಗೆ ಕ್ಯೂ-10 ಮಾತ್ರೆ: ಪ್ರಯೋಗಗಳಲ್ಲಿ ಕಂಡದ್ದೇನು?

ಕೊಲೆಸ್ಟ್ರಾಲ್ ಇಳಿಸಲು ಸ್ಟ್ಯಾಟಿನ್ ಮಾತ್ರೆ ನುಂಗುವವರಲ್ಲಿ ತೊಡೆ, ಮೀನಖಂಡ, ಭುಜ ನೋಯುತ್ತದೆ ಎನ್ನುವವರು ಸಾಕಷ್ಟಿದ್ದಾರೆ. ಜೊತೆಗೊಂದು ಕೋಎನ್‌ಜೈಮ್ ಕ್ಯೂ-10 ತೆಗೆದುಕೊಳ್ಳಿ ಎಂಬ ಸಲಹೆ ಅವರಿಗೆ ಬೇಗ ಸಿಗುತ್ತದೆ. ಯುಬಿಕ್ವಿನೋನ್ ಅನ್ನುವುದೂ ಇದನ್ನೇ.

ಸಲಹೆಗೆ ಆಧಾರವಿಲ್ಲವೆಂದಲ್ಲ. ದೇಹ ಕೊಲೆಸ್ಟ್ರಾಲ್ ತಯಾರಿಸುವ ಹಾದಿಯ ಆರಂಭದಲ್ಲೇ ಸ್ಟ್ಯಾಟಿನ್ ತಡೆಯೊಡ್ಡುತ್ತದೆ. ಅದೇ ಹಾದಿ ಮುಂದೆ ಕವಲೊಡೆದು ಕ್ಯೂ-10 ತಯಾರಾಗುತ್ತದೆ. ಸ್ನಾಯುಗಳಿಗೆ ಶಕ್ತಿ ಹುಟ್ಟಬೇಕಾದರೆ ಅದು ಬೇಕೇ ಬೇಕು. ಸ್ಟ್ಯಾಟಿನ್ ಶುರುವಾದ ಮೇಲೆ ರಕ್ತದಲ್ಲಿ ಕ್ಯೂ-10 ಇಳಿಯುವುದೂ ನಿಜ. ಆದರೆ ರಕ್ತದಲ್ಲಿ ಅದನ್ನು ಹೊತ್ತು ತಿರುಗುವುದು ಹೆಚ್ಚಾಗಿ ಎಲ್‌ಡಿಎಲ್ ಕಣಗಳು. ಮಾತ್ರೆಯಿಂದ ಆ ಕಣಗಳೇ ಕಡಿಮೆಯಾದಾಗ ಕ್ಯೂ-10 ಪ್ರಮಾಣವೂ ತಗ್ಗಿ ಕಾಣುತ್ತದೆ. ಸ್ನಾಯುವಿನೊಳಗೂ ಕೊರತೆಯಿದೆ ಎಂದು ಇಷ್ಟರಿಂದಲೇ ಹೇಳಲಾಗದು.

2007ರಲ್ಲಿ 32 ಮಂದಿಯ ಮೇಲೆ ನಡೆದ ಒಂದು ತಿಂಗಳ ಪ್ರಯೋಗದಲ್ಲಿ, ದಿನಕ್ಕೆ 100 ಮಿಲಿಗ್ರಾಂ ಕ್ಯೂ-10 ಪಡೆದವರ ನೋವು ಸುಮಾರು ಶೇ. 40ರಷ್ಟು ಇಳಿಯಿತು. ಕ್ಯೂ-10ಕ್ಕೆ ಹೆಸರು ಬಂದದ್ದರಲ್ಲಿ ಇದರ ಪಾಲೂ ಇದೆ. ಅದೇ ವರ್ಷ 44 ಮಂದಿಗೆ 200 ಮಿಲಿಗ್ರಾಂ ಕೊಟ್ಟು ನೋಡಿದ ಇನ್ನೊಂದು ಪ್ರಯೋಗದಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ನನಗೆ ಹೆಚ್ಚು ನಂಬಿಕೆ ಹುಟ್ಟಿಸುವುದು ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ತಂಡ 2015ರಲ್ಲಿ ಪ್ರಕಟಿಸಿದ ಪ್ರಯೋಗ. ನೋವು ನಿಜವಾಗಿ ಮಾತ್ರೆಯಿಂದಲೇ ಬಂದದ್ದೇ ಎಂದು ಅವರು ಮೊದಲು ಪರೀಕ್ಷಿಸಿದರು. ಸ್ಟ್ಯಾಟಿನ್‌ನಿಂದ ನೋವಾಗಿತ್ತು ಎಂದಿದ್ದ 120 ಮಂದಿಗೆ ಕೆಲವು ವಾರ ಸಿಂವಾಸ್ಟ್ಯಾಟಿನ್, ಕೆಲವು ವಾರ ಔಷಧಿಯಿಲ್ಲದ ಹುಸಿಮಾತ್ರೆ ಕೊಟ್ಟರು. ಯಾವುದು ಯಾವಾಗ ಎಂಬುದನ್ನು ಗುಟ್ಟಾಗಿಟ್ಟರು. ಸ್ಟ್ಯಾಟಿನ್‌ನಲ್ಲಿ ಮಾತ್ರ ನೋವು ಕಂಡವರು ಶೇ. 36ರಷ್ಟು. ಹುಸಿಮಾತ್ರೆಯಲ್ಲಿ ಮಾತ್ರ ನೊಂದವರೂ ಇದ್ದರು! ಹೀಗೆ ಖಚಿತವಾದ 41 ಮಂದಿಗೆ ಸ್ಟ್ಯಾಟಿನ್ ಜೊತೆ 600 ಮಿಲಿಗ್ರಾಂ ಕ್ಯೂ-10 ಅಥವಾ ಹುಸಿಮಾತ್ರೆ ಕೊಟ್ಟರು. ಕ್ಯೂ-10 ಪಡೆದವರ ರಕ್ತದಲ್ಲಿ ಅದರ ಪ್ರಮಾಣ ನಾಲ್ಕು ಪಟ್ಟಾಯಿತು. ನೋವು ಮಾತ್ರ ಎರಡೂ ಗುಂಪಿನಲ್ಲಿ ಒಂದೇ ರೀತಿ ಮುಂದುವರಿಯಿತು. ಮಾತ್ರೆ ದೇಹ ಸೇರಲಿಲ್ಲ, ಪ್ರಮಾಣ ಸಾಲಲಿಲ್ಲ ಎಂಬ ವಾದಕ್ಕೆ ಇಲ್ಲಿ ಜಾಗವಿಲ್ಲ.

ಸಣ್ಣ ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ 2018ರ ಒಂದು ವಿಶ್ಲೇಷಣೆ ಲಾಭವಿದೆ ಎಂದಿತು. 2015ರ ಇನ್ನೊಂದು ಇಲ್ಲವೆಂದಿತ್ತು. ಅಮೆರಿಕದ ಹೃದ್ರೋಗ ಸಂಘಗಳ 2018ರ ಮಾರ್ಗಸೂಚಿ ಸ್ಟ್ಯಾಟಿನ್ ನೋವಿಗೆ ಕ್ಯೂ-10 ಬಳಕೆಯನ್ನು ಶಿಫಾರಸು ಮಾಡುವುದಿಲ್ಲ. ವಾರ್ಫರಿನ್ ಸೇವಿಸುವವರಲ್ಲಿ ಇದು ಆ ಔಷಧಿಯ ಪರಿಣಾಮ ತಗ್ಗಿಸಬಹುದು ಎಂಬ ಎಚ್ಚರಿಕೆಯೂ ಇದೆ.

ನೋವಿದ್ದರೆ ಸ್ಟ್ಯಾಟಿನ್ ಅನ್ನು ನೀವಾಗಿಯೇ ಬಿಡಬೇಡಿ, ವೈದ್ಯರಿಗೆ ಹೇಳಿ. ಅವರು ಥೈರಾಯ್ಡ್ ಮತ್ತು ವಿಟಮಿನ್ ಡಿ ನೋಡಬಹುದು, ಕೆಲವು ವಾರ ನಿಲ್ಲಿಸಿ ಮತ್ತೆ ಕೊಡಬಹುದು, ಪ್ರಮಾಣ ಇಳಿಸಬಹುದು, ಬೇರೆ ಸ್ಟ್ಯಾಟಿನ್‌ಗೆ ಬದಲಿಸಬಹುದು. ತೀವ್ರ ನಿಶ್ಶಕ್ತಿಯ ಜೊತೆ ಮೂತ್ರ ಗಾಢ ಕಂದು ಬಣ್ಣಕ್ಕೆ ತಿರುಗಿದರೆ ಮಾತ್ರ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.