ಪ್ರಾಂಪ್ಟ್ ಬರೆಯೋ ಮುಂಚೆ: ಬೇಸಾ, ಚೆಕ್‌ಪಾಯಿಂಟಾ, ಲೋರಾನಾ?

ಈ ಸಲದ ರಾಜ್ಯೋತ್ಸವಕ್ಕೆ ನಮ್ಮ ಸಂಘದಿಂದ ನಾಲ್ಕು ಪೋಸ್ಟರ್ ಮಾಡಬೇಕಿತ್ತು. ಹಾಸನದ ಹತ್ತಿರದ ದೊಡ್ಡಗದ್ದವಳ್ಳಿ ದೇವಸ್ಥಾನ, ಹೊಳೆನರಸೀಪುರದ ಹೇಮಾವತಿ ಸೇತುವೆ, ಅರಕಲಗೂಡು ತಾಲೂಕಿನ ರಾಮನಾಥಪುರದ ಕಾವೇರಿ ದಂಡೆ, ಚನ್ನರಾಯಪಟ್ಟಣ ತಾಲೂಕಿನ ಶ್ರವಣಬೆಳಗೊಳದ ಗೊಮ್ಮಟ. ನಾಲ್ಕೂ ಒಂದೇ ಕೈ ಬರೆದ ಇಂಕ್ ಚಿತ್ರದ ಹಾಗೆ ಕಾಣಬೇಕು. ಇಂಥ ಕೆಲಸಕ್ಕೆ ಸಾಮಾನ್ಯವಾಗಿ ಎಲ್ಲರೂ ಮೊದಲು ಪ್ರಾಂಪ್ಟ್ ಉದ್ದ ಮಾಡ್ತಾ ಹೋಗ್ತಾರೆ. ಆದರೆ ಮಾಡೆಲ್‌ನ ಒಳಗೆ ಇಲ್ಲದ್ದನ್ನ ಪ್ರಾಂಪ್ಟ್ ಹೊರಗೆ ತರೋಕಾಗಲ್ಲ. ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ: ಇಲ್ಲಿ ಕಮ್ಮಿ ಇರೋದು ಏನು?

ಅದನ್ನ ತಿಳಿಯೋಕೆ ಬೇಸ್ ಮಾಡೆಲ್‌ನಿಂದ ಶುರು ಮಾಡಬೇಕು. ನಾವು ತಗೊಂಡಿದ್ದು 2023ರಲ್ಲಿ ಬಂದ ಎಸ್‌ಡಿಎಕ್ಸ್‌ಎಲ್. ನಾಲ್ಕು ಜಾಗಕ್ಕೂ ಒಂದೊಂದು ಸಾಲಿನ ಪ್ರಾಂಪ್ಟ್ ಕೊಟ್ಟು, ಸೀಡ್ ಒಂದೇ ಇಟ್ಟು ಚಿತ್ರ ತೆಗೆದೆವು. ಸೀಡ್ ಬದಲಾದರೆ ವ್ಯತ್ಯಾಸ ಬಂದಿದ್ದು ಮಾಡೆಲ್‌ನಿಂದಲೋ ಅದೃಷ್ಟದಿಂದಲೋ ಗೊತ್ತಾಗಲ್ಲ. ಸೇತುವೆ, ನದಿ, ನಿಂತ ಮೂರ್ತಿ ಸರಿಯಾಗೇ ಬಂದವು. "ದೊಡ್ಡಗದ್ದವಳ್ಳಿ" ಅಂತ ಬರೆದರೆ ಮಾತ್ರ ಯಾವುದೋ ಎತ್ತರದ ಬಣ್ಣದ ಗೋಪುರ ಬಂತು. ಹೆಸರು ಬಿಟ್ಟು, ಮೆಟ್ಟಿಲು ಮೆಟ್ಟಿಲಾಗಿ ಏರುವ ತಗ್ಗು ಕಲ್ಲಿನ ಶಿಖರಗಳು ಅಂತ ಆಕಾರ ಹೇಳಿದಾಗ ಹತ್ತಿರ ಬಂತು. ಅಂದರೆ ವಸ್ತುಗಳು ಬೇಸ್‌ಗೆ ಗೊತ್ತಿವೆ. ಇಲ್ಲದಿದ್ದದ್ದು ಶೈಲಿಯ ಒಗ್ಗಟ್ಟು: ಒಂದು ಚಿತ್ರ ಪೆನ್ಸಿಲ್ ಥರ, ಇನ್ನೊಂದು ವಾಟರ್ ಕಲರ್ ಥರ.

ಎರಡನೇ ದಾರಿ ಫೈನ್‌ಟ್ಯೂನ್ ಆದ ಚೆಕ್‌ಪಾಯಿಂಟ್. ಇದರಲ್ಲಿ ಮಾಡೆಲ್‌ನ ತೂಕಗಳನ್ನೇ ಮತ್ತೆ ತರಬೇತಿ ಕೊಟ್ಟು ಬದಲಿಸಿರ್ತಾರೆ. ಫೈಲ್ ಬೇಸ್‌ನಷ್ಟೇ ದೊಡ್ಡದು, ಆರೇಳು ಜಿಬಿ. ಫೋಟೋ ಥರದ್ದೋ ಆನಿಮೆ ಥರದ್ದೋ ಎಲ್ಲ ಚಿತ್ರಕ್ಕೂ ಬೇಕು ಅಂದರೆ ಇದು ಸರಿ. ಆದರೆ ಬದಲಾವಣೆ ಎಲ್ಲ ಕಡೆ ತಾಗುತ್ತೆ. ಮುಖಗಳ ಫೋಟೋ ಮೇಲೆ ಹೆಚ್ಚು ತರಬೇತಿ ಆದ ಚೆಕ್‌ಪಾಯಿಂಟ್‌ಗೆ ಖಾಲಿ ಸೇತುವೆ ಕೇಳಿದರೂ ಮಧ್ಯದಲ್ಲಿ ಒಬ್ಬರನ್ನ ನಿಲ್ಲಿಸಿಬಿಡಬಹುದು. ಅದರ ಮೇಲೆ ಇಂಕ್ ಶೈಲಿ ಹೇರೋದು ಪ್ರವಾಹಕ್ಕೆ ಎದುರು ಈಜಿದ ಹಾಗೆ.

ನಮಗೆ ಬೇಕಿದ್ದದ್ದು ಮೂರನೆಯದು, ಲೋರಾ ಅನ್ನೋ ಚಿಕ್ಕ ಅಡಾಪ್ಟರ್. ಇದು ಬೇಸ್ ತೂಕಗಳನ್ನ ಮುಟ್ಟಲ್ಲ, ಪಕ್ಕದಲ್ಲಿ ಎರಡು ಸಣ್ಣ ಮ್ಯಾಟ್ರಿಕ್ಸ್ ಇಟ್ಟು ಅವುಗಳ ಗುಣಲಬ್ಧವನ್ನ ಕೂಡುತ್ತೆ. ಲೆಕ್ಕ ನೋಡಿ: 1280×1280 ಮ್ಯಾಟ್ರಿಕ್ಸ್‌ನಲ್ಲಿ 16,38,400 ಸಂಖ್ಯೆಗಳು. ರ‍್ಯಾಂಕ್ 4 ಇಟ್ಟರೆ 1280×4 ಮತ್ತು 4×1280, ಒಟ್ಟು 10,240. ನೂರ ಅರವತ್ತರಲ್ಲಿ ಒಂದು ಪಾಲು! ಅದಕ್ಕೇ ಕಮ್ಮಿ ಚಿತ್ರ, ಕಮ್ಮಿ ಮೆಮೊರಿ ಸಾಕು. ಸಂಘದ ಸದಸ್ಯೆಯೊಬ್ಬರು ಬರೆದ 24 ಇಂಕ್ ಚಿತ್ರಗಳನ್ನ ಅವರನ್ನ ಕೇಳಿಯೇ ಬಳಸಿದೆವು. ಒಬ್ಬರ ಕೈಗೆರೆಯನ್ನೇ ಫೈಲ್ ಮಾಡಿ ಇಟ್ಟುಕೊಳ್ಳೋದರಿಂದ ಒಪ್ಪಿಗೆ ಬೇಕೇ ಬೇಕು.

```python
pipe.load_lora_weights(".", weight_name="gere.safetensors", adapter_name="gere")
pipe.set_adapters(["gere"], adapter_weights=[0.7])
```

ಆ 0.7 ಎಲ್ಲಿಂದ ಬಂತು? ಅದೇ ಸೀಡ್‌ನಲ್ಲಿ 0, 0.4, 0.7, 1.0 ಇಟ್ಟು ನಾಲ್ಕು ಚಿತ್ರ ಪಕ್ಕಪಕ್ಕ ಜೋಡಿಸಿದೆವು. ಗೊಮ್ಮಟನ ಚಿತ್ರ ಇದಕ್ಕೆ ಒಳ್ಳೇ ಪರೀಕ್ಷೆ. ಸುಮಾರು 57 ಅಡಿಯ ಆ ಮೂರ್ತಿಯ ಅಂದ ಇರೋದೇ ನುಣುಪಿನಲ್ಲಿ. 24 ಚಿತ್ರಗಳಲ್ಲಿ ಹೆಚ್ಚಿನವು ಹೊಯ್ಸಳ ದೇವಸ್ಥಾನಗಳು. ಹಾಗಾಗಿ 1.0ರಲ್ಲಿ ಗೊಮ್ಮಟನ ಎದೆ ಮೇಲೂ ಬೇಲೂರಿನ ಥರ ಕೆತ್ತನೆ ಹತ್ತಿಕೊಂಡಿತು. ಲೋರಾ ಶೈಲಿಯ ಜೊತೆ ವಸ್ತುವನ್ನೂ ಕಲಿತಿದೆ ಅನ್ನೋದಕ್ಕೆ ಇದೇ ಗುರುತು. 0.7ಕ್ಕೆ ಇಳಿಸಿದರೆ ಕೆತ್ತನೆ ಹೋಯ್ತು, ಗೆರೆ ಉಳೀತು. ಆದರೆ ಅದು ತಾತ್ಕಾಲಿಕ ಪರಿಹಾರ. ನಿಜವಾದ ಮದ್ದು ಅಂದರೆ ತರಬೇತಿಗೆ ಬಸ್ ಸ್ಟ್ಯಾಂಡು, ತೆಂಗಿನಮರ, ಮುಖ ಹೀಗೆ ಬೇರೆ ಬೇರೆ ವಸ್ತುಗಳನ್ನ ಅದೇ ಕೈಯಲ್ಲಿ ಬರೆಸೋದು.

ಲೋರಾ ಯಾವ ಬೇಸ್ ಮೇಲೆ ಕಲಿತಿತೋ ಆ ಕುಟುಂಬಕ್ಕೇ ಸೇರಿದ್ದು. ಎಸ್‌ಡಿ 1.5ರ ಲೋರಾ ಎಸ್‌ಡಿಎಕ್ಸ್‌ಎಲ್‌ಗೆ ಹೊಂದಲ್ಲ. ಪಠ್ಯ ಬರುವ ಅಗಲ ಅಲ್ಲಿ 768, ಇಲ್ಲಿ 2048.

ಇದೆಲ್ಲ ಮುಗಿದ ಮೇಲೆ ಪ್ರಾಂಪ್ಟ್ ಚಿಕ್ಕದಾಯ್ತು: ತರಬೇತಿಯ ಶೀರ್ಷಿಕೆಗಳಲ್ಲಿ ನಾವಿಟ್ಟಿದ್ದ ಗುರುತಿನ ಪದ, ಆಮೇಲೆ ವಸ್ತು, ಅಷ್ಟೇ. ಶೈಲಿಯನ್ನ ಮಾತಲ್ಲಿ ವರ್ಣಿಸೋ ಅಗತ್ಯ ಉಳೀಲಿಲ್ಲ. ಪೋಸ್ಟರ್ ಮೇಲಿನ ಕನ್ನಡ ಅಕ್ಷರಗಳನ್ನ ಮಾತ್ರ ಕೊನೆಗೆ ಬೇರೆಯಾಗಿ ಹಾಕಿದೆವು. ಈ ಮಾಡೆಲ್‌ಗೆ ಒತ್ತಕ್ಷರ ಬರೆಯೋಕೆ ಬರಲ್ಲ, ನಮ್ಮ ಲೋರಾ ಪಕ್ಕ ಇಟ್ಟರೂ ಅಷ್ಟೇ.